ಇಟ್ಟುಕೊಳ್ಳಬಹುದು, ಮಾರಬಾರದು

ನಮ್ಮ ಜಮಖಂಡಿ ಕಡೆ ಯಾವ ರಿಪೇರಿ ಅಂಗಡಿಗೆ ಹೋದರೂ ಚೀಟಿಯ ಕೆಳಗೆ ಎರಡು ಸಾಲು ಇದ್ದೇ ಇರುತ್ತವೆ. ಒಂದು, ‘ಮಾಲಿಗೆ ನಾವು ಜವಾಬ್ದಾರರಲ್ಲ.’ ಇನ್ನೊಂದು, ‘30 ದಿನದೊಳಗೆ ಒಯ್ಯದಿದ್ದರೆ ಮಾರಲಾಗುವುದು.’ ಈ ಎರಡು ಸಾಲು ನನಗೆ ತಂದುಕೊಟ್ಟಷ್ಟು ಕಕ್ಷಿದಾರರನ್ನು ಜಮೀನಿನ ಬದುವಿನ ಜಗಳವೂ ತಂದುಕೊಟ್ಟಿಲ್ಲ.

ಹೋದ ವರ್ಷ ಮೋಟಾರು ರಿವೈಂಡಿಂಗ್ ಮಾಡುವವರೊಬ್ಬರು ಬಂದರು. ಕೆಲಸದಲ್ಲಿ ಕೈ ಒಳ್ಳೆಯದು, ಮನುಷ್ಯರೂ ಒಳ್ಳೆಯವರು. ಕೂತವರೇ, “ಸಾಹೇಬ್ರ, ಎಂಟ್ ತಿಂಗಳ ಕಾದೇನ್ರಿ. ಒಯ್ಯಾಕ ಬರಲಿಲ್ಲ. ಮಾರಿಬಿಟ್ಟೆ. ಈಗ ಬಂದು ಕಳ್ಳ ಅಂತಾನ್ರಿ,” ಅಂದರು.

ಆದದ್ದು ಇಷ್ಟು. ಏಪ್ರಿಲ್‌ನಲ್ಲಿ ಒಬ್ಬ ರೈತ ಬೋರ್‌ವೆಲ್‌ನಿಂದ ಎತ್ತಿಸಿದ ಏಳೂವರೆ ಎಚ್‌ಪಿ ಮೋಟಾರು ತಂದು ಹಾಕಿದ. ವೈಂಡಿಂಗ್ ಸುಟ್ಟಿತ್ತು, ಬುಷ್ ಸವೆದಿತ್ತು. 6,800 ರೂಪಾಯಿಗೆ ಮಾತಾಯಿತು. 1,000 ಮುಂಗಡ ಕೊಟ್ಟ. ಐದು ದಿನದಲ್ಲಿ ಕೆಲಸ ಮುಗಿಯಿತು. ಅಷ್ಟರಲ್ಲಿ ಬೋರಿನ ನೀರೇ ಬತ್ತಿತ್ತು, ರೈತ ಈ ಕಡೆ ತಲೆ ಹಾಕಲಿಲ್ಲ. ಡಿಸೆಂಬರ್‌ನಲ್ಲಿ ಇವರು ಅದನ್ನು ಬೇರೊಬ್ಬರಿಗೆ 12,000ಕ್ಕೆ ಕೊಟ್ಟರು. ಮರುವಾರವೇ ರೈತ 5,800 ಎಣಿಸಿಕೊಂಡು ಬಂದ!

ಅಂಗಡಿಯವರ ಲೆಕ್ಕ ಕೇಳಿ. 12,000ದಲ್ಲಿ ಬಾಕಿ 5,800 ಹೋಯಿತು. ಹಿಂದಿನ ವರ್ಷ ಇದೇ ರೈತನ ಸ್ಟಾರ್ಟರ್ ರಿಪೇರಿ ಮಾಡಿದ್ದರ 3,200 ಬರಬೇಕಿತ್ತು, ಅದೂ ಹೋಯಿತು. ಎಂಟು ತಿಂಗಳು ಜಾಗ ತಿಂದದ್ದಕ್ಕೆ ತಿಂಗಳಿಗೆ 200ರಂತೆ 1,600. ಉಳಿದದ್ದು 1,400. “ಅದನ್ನ ಕೊಡಾಕ ತಯಾರ್ ಅದೇನ್ರಿ, ಇಸ್ಕೊಳ್ಳಾಕ ಅವನ ಒಲ್ಲ.” ಅವರ ಪ್ರಕಾರ ಇದಕ್ಕಿಂತ ಪ್ರಾಮಾಣಿಕ ಲೆಕ್ಕ ಇರಲಾರದು. ಕಾನೂನಿನ ಪ್ರಕಾರ ಸಾಲಿಗೊಂದು ತಪ್ಪು.

ರಿಪೇರಿಗೆ ಬಂದ ವಸ್ತು ನಿಮ್ಮ ಕೈಯಲ್ಲಿ ಇರುವುದು ಒಂದು ಕೆಲಸಕ್ಕಾಗಿ. ಕೆಲಸ ಮುಗಿದ ಮೇಲೆ ಮರಳಿ ಕೊಡುವ ಕರಾರು ಅದರೊಳಗೇ ಇದೆ. 1872ರ ಕರಾರು ಕಾಯ್ದೆ ಇದನ್ನು ಬೇಲ್‌ಮೆಂಟ್ ಅನ್ನುತ್ತದೆ. ದುಡಿಮೆ ಹಾಕಿ ಕೆಲಸ ಮುಗಿಸಿದ್ದೀರಿ, ಕೂಲಿ ಬಂದಿಲ್ಲ ಅಂದರೆ, 170ನೇ ಕಲಮು ನಿಮಗೊಂದು ಹಕ್ಕು ಕೊಡುತ್ತದೆ: ಕೂಲಿ ಕೊಡುವವರೆಗೆ ವಸ್ತುವನ್ನು ಹಿಡಿದಿಟ್ಟುಕೊಳ್ಳಬಹುದು. ಇದಕ್ಕೆ ಲಿಯನ್ ಅನ್ನುತ್ತಾರೆ. ಹಿಡಿದಿಡುವ ಹಕ್ಕು, ಅಷ್ಟೇ. ಮಾರುವ ಹಕ್ಕು ಆ ಕಲಮಿನಲ್ಲಿ ಇಲ್ಲ. ಎಂಟು ತಿಂಗಳಾದರೂ ಇಲ್ಲ, ಎರಡು ವರ್ಷವಾದರೂ ಇಲ್ಲ.

ಇದನ್ನು ಹೇಳಿದಾಗಲೆಲ್ಲ ಎದುರಿನವರು ತಪ್ಪದೆ ಕೇಳುವ ಮಾತು ಒಂದೇ. “ಹಂಗಂದ್ರ ಬಂಗಾರದ ಅಂಗಡ್ಯಾವ್ರು ಹೆಂಗ್ ಮಾರ್ತಾರ್ರಿ?” ಅವರು ಮಾರುವುದು ಒತ್ತೆ ಇಟ್ಟ ಬಂಗಾರವನ್ನು. ಒತ್ತೆಯೂ ಒಂದು ಬಗೆಯ ಬೇಲ್‌ಮೆಂಟೇ. ಆದರೆ ಅಲ್ಲಿ ವಸ್ತುವನ್ನು ಕೊಟ್ಟದ್ದೇ ಸಾಲದ ಭದ್ರತೆಗೆ. ರೈತ ಮೋಟಾರು ಕೊಟ್ಟದ್ದು ರಿಪೇರಿಗೆ, ಸಾಲ ಎತ್ತಲು ಅಲ್ಲ. ಅದಕ್ಕೇ ಮಾರುವ ಅಧಿಕಾರವನ್ನು 176ನೇ ಕಲಮು ಒತ್ತೆ ಹಿಡಿದವನಿಗೆ ಕೊಟ್ಟಿದೆ, ರಿಪೇರಿಯವನಿಗೆ ಕೊಟ್ಟಿಲ್ಲ. ಒತ್ತೆ ಹಿಡಿದವನಿಗೂ ಸುಮ್ನೆ ಕೊಟ್ಟಿಲ್ಲ. ಮೊದಲು ಮಾರಾಟದ ನೋಟಿಸು ಕೊಡಬೇಕು, ತಕ್ಕಷ್ಟು ಸಮಯ ಬಿಡಬೇಕು. ಮಾರಿದ ಮೇಲೆ ಸಾಲಕ್ಕಿಂತ ಜಾಸ್ತಿ ಬಂದರೆ ಹೆಚ್ಚುವರಿ ಹಣ ಒತ್ತೆ ಇಟ್ಟವನದು. ವಾಯಿದೆ ಮುಗಿಯಿತು, ಬಂಗಾರ ಮುಳುಗಿತು ಅಂತ ನಮ್ಮ ಹೆಣ್ಣುಮಕ್ಕಳು ಕೈಚೆಲ್ಲಿ ಕೂಡುತ್ತಾರೆ. ನಿಜವಾಗಿ ಮಾರಾಟ ಆಗುವವರೆಗೂ ಬಾಕಿ, ತಡಮಾಡಿದ್ದರ ಖರ್ಚು ಕಟ್ಟಿ ಬಿಡಿಸಿಕೊಳ್ಳಬಹುದು.

ಮತ್ತೆ ಮೋಟಾರಿಗೆ ಬರೋಣ. ಸ್ಟಾರ್ಟರಿನ 3,200 ಬರಬೇಕಾದದ್ದು ನಿಜ. ಆದರೆ ಮೋಟಾರು ಹಿಡಿದಿಡಲು ಅದು ಕಾರಣವಾಗದು. ರಿಪೇರಿಯವನ ಹಕ್ಕು ಆ ವಸ್ತುವಿನ ಮೇಲೆ ಮಾಡಿದ ಕೆಲಸದ ಕೂಲಿಗೆ ಮಾತ್ರ. ಯಾವ ಬಾಕಿಗಾದರೂ ಯಾವ ವಸ್ತುವನ್ನಾದರೂ ಹಿಡಿಯುವ ಹಕ್ಕು ಬ್ಯಾಂಕಿನಂಥ ಕೆಲವರಿಗಷ್ಟೇ ಇದೆ. (ಆ ಪಟ್ಟಿಯಲ್ಲಿ ಹೈಕೋರ್ಟಿನ ಅಟಾರ್ನಿಗಳೂ ಇದ್ದಾರೆ. ವಕೀಲರು ಖುಷಿಪಡಬೇಕಿಲ್ಲ. ಫೀ ಬಾಕಿ ಇದೆ ಅಂತ ಕಕ್ಷಿದಾರರ ಕಾಗದಪತ್ರ ಹಿಡಿದಿಡುವಂತಿಲ್ಲ ಎಂದು 2000ದಲ್ಲಿ ಸುಪ್ರೀಂ ಕೋರ್ಟು ಹೇಳಿದೆ.) ಜಾಗದ ಬಾಡಿಗೆಯೂ ಹಾಗೇ. ಮೊದಲೇ ಮಾತಾಗಿರದಿದ್ದರೆ, ನಿಮ್ಮ ಕೂಲಿಗಾಗಿ ನೀವೇ ಹಿಡಿದಿಟ್ಟ ವಸ್ತುವಿಗೆ ಬಾಡಿಗೆ ಕೇಳುವುದು ಕೋರ್ಟಿನಲ್ಲಿ ನಿಲ್ಲುವುದು ಕಷ್ಟ.

ಕೊನೆಗೆ ಬೆಲೆ. ಇವರು ಕೈಗೆ ಬಂದ 12,000ದಿಂದ ಎಣಿಸಿದರು. ಹಕ್ಕಿಲ್ಲದೆ ಮಾರಿದಾಗ ಪ್ರಶ್ನೆ ಎಷ್ಟಕ್ಕೆ ಮಾರಿದಿರಿ ಅನ್ನುವುದಲ್ಲ, ಮಾಲಿಗೆ ಎಷ್ಟು ಬೆಲೆ ಇತ್ತು ಅನ್ನುವುದು. ರಿವೈಂಡ್ ಆಗಿ ಓಡುವ ಸ್ಥಿತಿಯಲ್ಲಿದ್ದ ಅಂಥ ಮೋಟಾರಿಗೆ 18,000 ಇತ್ತು ಅಂತ ರೈತನ ವಾದ. ಅದರಲ್ಲಿ ಕೂಲಿ 5,800 ಕಳೆದರೆ 12,200. ಎಲ್ಲಿಯ 1,400, ಎಲ್ಲಿಯ 12,200!

ಚೀಟಿಯ ಮೊದಲ ಸಾಲಿನ ಬಗ್ಗೆಯೂ ಹೇಳಿಬಿಡುತ್ತೇನೆ. 151ನೇ ಕಲಮಿನ ಅಳತೆ ಸರಳ: ಅಂಥದೇ ವಸ್ತು, ಅಷ್ಟೇ ಬೆಲೆಯದು ನಿಮ್ಮದೇ ಆಗಿದ್ದರೆ, ತಿಳಿವಳಿಕೆ ಇರುವ ಸಾಮಾನ್ಯ ಮನುಷ್ಯನಾಗಿ ಹೇಗೆ ಕಾಯುತ್ತಿದ್ದಿರೋ ಹಾಗೆ ಕಾಯಬೇಕು. ಒಳಗಿನ ತಾಮ್ರದ ತಂತಿ ಕಳ್ಳರಿಗೆ ಪ್ರೀತಿ ಅಂತ ಗೊತ್ತಿದ್ದೂ ಮೋಟಾರನ್ನು ರಾತ್ರಿ ಕಟ್ಟೆಯ ಮೇಲೆ ಬಿಟ್ಟರೆ ನಿಮ್ಮದೇ ತಪ್ಪು. ಬೀಗ ಹಾಕಿ ಒಳಗಿಟ್ಟಿದ್ದೀರಿ, ಶಟರ್ ಮುರಿದು ಒಯ್ದರು, ಆಗ ಮಾತು ಬೇರೆ. ಆದರೆ ಎಚ್ಚರಿಕೆಯಿಂದ ಕಾದಿದ್ದೆ ಅಂತ ತೋರಿಸುವ ಹೊರೆ ನಿಮ್ಮ ಮೇಲೆ. ವಸ್ತು ಇದ್ದದ್ದು ನಿಮ್ಮ ಕೈಯಲ್ಲಿ ಅಲ್ವಾ? ನಿರ್ಲಕ್ಷ್ಯವನ್ನೂ ಆ ಮುದ್ರಿತ ಸಾಲು ಮುಚ್ಚುತ್ತದೆಯೇ ಎಂಬುದರಲ್ಲಿ ತೀರ್ಪುಗಳು ಒಂದೇ ತೆರ ಇಲ್ಲ. ಅದನ್ನು ನಂಬಿ ಮಲಗಬೇಡಿ ಅಂತಲೇ ನಾನು ಹೇಳುವುದು.

“ಹಂಗಾದ್ರ ಒಯ್ಯದ ಮಾಲನ್ನ ತಲಿ ಮ್ಯಾಲ ಹೊತ್ಕೊಂಡ್ ಕೂಡ್ಬೇಕನ್ರಿ?” ಅಂತ ಅವರು ಸಿಟ್ಟಾದರು. ಆ ಸಿಟ್ಟು ನ್ಯಾಯವಾದದ್ದೇ. ಅಂಗಡಿಯ ಹಿಂದೆ ಸಾಲಾಗಿ ಬಿದ್ದ ಮೋಟಾರುಗಳನ್ನು ನಾನೂ ನೋಡಿದ್ದೇನೆ. ದಾರಿ ಇದೆ, ಆದರೆ ಅದು ಶುರುವಾಗುವುದು ಮಾಲು ತಗೊಳ್ಳುವಾಗ. ‘ಕೆಲಸ ಮುಗಿದು ಇಷ್ಟು ದಿನದೊಳಗೆ ಒಯ್ಯದಿದ್ದರೆ, ಬರಹದಲ್ಲಿ ನೋಟಿಸು ಕೊಟ್ಟು ಮಾರಿ, ಕೂಲಿ ಹಿಡಿದುಕೊಂಡು ಉಳಿದದ್ದನ್ನು ಕೊಡಲು ನನ್ನ ಒಪ್ಪಿಗೆ ಇದೆ’ ಎಂಬ ಸಾಲಿನ ಕೆಳಗೆ ಗಿರಾಕಿಯ ಸಹಿ ಬೇಕು. ಮುದ್ರಿಸಿ ಕೈಗೆ ತುರುಕಿದ್ದು ಒಪ್ಪಿಗೆಯಲ್ಲ. ಅಂಥ ಸಹಿ ಇಲ್ಲದಿದ್ದರೆ ಮಾಲನ್ನು ಇಟ್ಟುಕೊಂಡೇ ಕೂಲಿಗೆ ದಾವೆ ಹಾಕಿ. ಕೆಲಸ ಮುಗಿದ ದಿನದಿಂದ ಮೂರು ವರ್ಷ ಅವಧಿ ಇದೆ. ‘ದುಡ್ಡು ಆಮೇಲೆ ಕೊಡು’ ಅಂತ ಮಾಲು ಕೊಟ್ಟು ಕಳಿಸಿದಿರೋ, ಹಿಡಿದಿಡುವ ಹಕ್ಕೂ ಅದರ ಜೊತೆಗೇ ಹೋಯಿತು. ಹೊಲಕ್ಕೆ ಹೋಗಿ ಕಿತ್ತು ತರುವಂತಿಲ್ಲ.

ರೈತ ಪೊಲೀಸ್ ಠಾಣೆಗೆ ಹೊರಟಿದ್ದ. ಕೆಟ್ಟ ಉದ್ದೇಶ ಇಲ್ಲದೆ ತಪ್ಪು ತಿಳಿದು ಮಾರಿದ್ದನ್ನು ಅಪರಾಧ ಅಂತ ಸಾಧಿಸುವುದು ಸುಲಭವಲ್ಲ ಅಂತ ಅವನ ವಕೀಲರೂ ಹೇಳಿದ್ದರಂತೆ. ಇಬ್ಬರನ್ನೂ ಕೂಡಿಸಿದೆವು. ಮೋಟಾರಿನ ಬೆಲೆ 16,000 ಅಂತ ಒಪ್ಪಿಗೆಯಾಯಿತು. ಕೂಲಿ ಕಳೆದು 10,200. ಸ್ಟಾರ್ಟರಿನ ಬಾಕಿಯನ್ನು ರೈತ ತಾನಾಗಿಯೇ, “ಅದು ಕೊಡೋದ ಐತಿ, ಮುರ್ಕೊಳ್ರಿ,” ಅಂದ. ಕೈಗೆ 7,000 ಬಂತು. ಜಾಗದ ಬಾಡಿಗೆಯ ಮಾತನ್ನು ಯಾರೂ ಎತ್ತಲಿಲ್ಲ.

ಎರಡು ತಿಂಗಳ ಮೇಲೆ ಅಂಗಡಿಯವರು ಹೊಸ ಚೀಟಿ ತೋರಿಸಲು ಬಂದರು. ಸಹಿಗೆ ಜಾಗ ಇತ್ತು, ನೋಟಿಸಿನ ಮಾತಿತ್ತು. ಕೆಳಗೆ ದಪ್ಪ ಅಕ್ಷರದಲ್ಲಿ, ‘ಮಾಲಿಗೆ ನಾವು ಜವಾಬ್ದಾರರಲ್ಲ.’ ಇದೇನ್ರೀ ಅಂದೆ. “ಅದು ಇರಲಿ ಬಿಡ್ರಿ ಸಾಹೇಬ್ರ,” ಅಂದರು, “ಮಂದಿ ಸ್ವಲ್ಪ ಅಂಜ್ತಾರ.”