ಎರಡು ಔಷಧಿ ಸೋತ ಮೇಲೆ ಮೂರನೇ ಹೆಜ್ಜೆ ಯಾವುದು?

ಖಿನ್ನತೆಗೆ ಒಂದು ಮಾತ್ರೆ ಕೊಟ್ಟರು, ಗುಣ ಕಾಣಲಿಲ್ಲ. ಬೇರೆ ಮಾತ್ರೆಗೆ ಬದಲಾಯಿಸಿದರು, ಅದೂ ಹಿಡಿಯಲಿಲ್ಲ. ಎರಡನ್ನೂ ಸರಿಯಾದ ಡೋಸ್‌ನಲ್ಲಿ, ಆರರಿಂದ ಎಂಟು ವಾರ ತೆಗೆದುಕೊಂಡ ಮೇಲೂ ಹೀಗಾದರೆ ವೈದ್ಯರು ಅದನ್ನು 'ಚಿಕಿತ್ಸೆಗೆ ಬಗ್ಗದ ಖಿನ್ನತೆ' ಎನ್ನುತ್ತಾರೆ. ಇಲ್ಲಿಂದ ಮುಂದೆ ಏನು ಮಾಡಬೇಕು ಅನ್ನೋದೇ ಕಷ್ಟದ ಪ್ರಶ್ನೆ.

ಸುಮ್ನೆ ಮೂರನೇ ಮಾತ್ರೆ ಬರೆದುಕೊಡಬಹುದಲ್ವಾ? ಬರೆಯಬಹುದು. ಆದರೆ ಅಮೆರಿಕದಲ್ಲಿ ಸುಮಾರು 4,000 ರೋಗಿಗಳ ಮೇಲೆ ನಡೆದು 2006ರಲ್ಲಿ ಪ್ರಕಟವಾದ 'ಸ್ಟಾರ್-ಡಿ' ಅಧ್ಯಯನ ಒಂದು ಎಚ್ಚರಿಕೆ ಕೊಡುತ್ತದೆ. ಮೊದಲ ಎರಡು ಹಂತಗಳಲ್ಲಿ ಪ್ರತಿ ಸಲವೂ ಮೂವರಲ್ಲಿ ಒಬ್ಬರು ಪೂರ್ತಿ ಚೇತರಿಸಿಕೊಂಡರು. ಮೂರನೇ ಮತ್ತು ನಾಲ್ಕನೇ ಹಂತದಲ್ಲಿ ಅದು ಶೇ. 13ರ ಆಸುಪಾಸಿಗೆ ಇಳಿಯಿತು. ಈ ಅಧ್ಯಯನದ ಒಟ್ಟು ಯಶಸ್ಸನ್ನು ಹೆಚ್ಚಾಗಿ ಲೆಕ್ಕ ಹಾಕಿದ್ದಾರೆ ಎಂದು ಆಮೇಲೆ ಮರುಪರಿಶೀಲನೆ ಮಾಡಿದವರು ತಕರಾರು ಎತ್ತಿದ್ದಾರೆ. ಅವರ ಮಾತು ಸರಿ ಎಂದುಕೊಂಡರೆ ಮೂರನೇ ಮಾತ್ರೆಯ ಮೇಲಿನ ಭರವಸೆ ಇನ್ನೂ ಕಡಿಮೆ ಆಗುತ್ತದೆಯೇ ಹೊರತು ಜಾಸ್ತಿ ಆಗುವುದಿಲ್ಲ.

ಒಂದು ಕಾಲ್ಪನಿಕ ಉದಾಹರಣೆ ಇಟ್ಟುಕೊಂಡು ನೋಡೋಣ. 44 ವರ್ಷದ ಮಹಿಳೆ. "ಮೂರು ಔಷಧಿ ಆಯ್ತು ಡಾಕ್ಟ್ರೇ, ಯಾವುದೂ ಕೆಲಸ ಮಾಡಲಿಲ್ಲ" ಎನ್ನುತ್ತಾರೆ. ಮನೋವೈದ್ಯರು ಹಳೆಯ ಚೀಟಿಗಳನ್ನು ಒಂದೊಂದಾಗಿ ನೋಡುತ್ತಾರೆ. ಮೊದಲನೆಯದು ಸರ್ಟ್ರಾಲಿನ್ 50 ಮಿಲಿಗ್ರಾಂ. ಹೊಟ್ಟೆ ತೊಳೆಸುತ್ತದೆ ಎಂದು ಮೂರನೇ ವಾರಕ್ಕೇ ಬಿಟ್ಟಿದ್ದಾರೆ. ಇದನ್ನು ಸೋಲು ಎಂದು ಎಣಿಸುವಂತಿಲ್ಲ, ಔಷಧಿಗೆ ಅವಕಾಶವೇ ಸಿಗಲಿಲ್ಲ. ಎರಡನೆಯದು ಎಸಿಟಲೋಪ್ರಾಮ್ 20 ಮಿಲಿಗ್ರಾಂ, ಎಂಟು ವಾರ. ಇದು ನಿಜವಾದ ಸೋಲು. ಮೂರನೆಯದು ವೆನ್ಲಾಫ್ಯಾಕ್ಸಿನ್ 225 ಮಿಲಿಗ್ರಾಂ, ಅದೂ ಎಂಟು ವಾರ. ಈ ಸಲ ಖಿನ್ನತೆಯ ತೀವ್ರತೆ ಅಳೆಯುವ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿಯ ಅಂಕ 19ರಿಂದ 14ಕ್ಕೆ ಇಳಿದಿದೆ.

ಮುಂದಿನ ಹೆಜ್ಜೆಗೆ ಮೊದಲು ಇನ್ನೊಂದು ಸುತ್ತು ವಿಚಾರಣೆ ಬೇಕು. ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದಾರಾ? ಕುಡಿತ ಇದೆಯಾ? ಜೋರಾಗಿ ಗೊರಕೆ ಹೊಡೆದು, ನಡುನಡುವೆ ಉಸಿರು ನಿಲ್ಲುತ್ತದಾ? ಎಲ್ಲಕ್ಕಿಂತ ಮುಖ್ಯವಾಗಿ, ಹಿಂದೆ ಯಾವಾಗಲಾದರೂ ಕೆಲವು ದಿನ ನಿದ್ದೆಯೇ ಬೇಡವೆನಿಸಿ, ವಿಪರೀತ ಹುರುಪಿನಲ್ಲಿ ಓಡಾಡಿದ್ದುಂಟಾ? ಉಂಟು ಎಂದರೆ ಅದು ಬೈಪೋಲಾರ್ ಇರಬಹುದು, ಆಗ ಚಿಕಿತ್ಸೆಯ ದಾರಿಯೇ ಬದಲಾಗುತ್ತದೆ. ಈ ವಿಚಾರಣೆಗೆ ಅರ್ಧ ಗಂಟೆ ಸಾಕು. ಇದನ್ನು ಬಿಟ್ಟು ನೇರ ಹೊಸ ಔಷಧಿಗೆ ಹಾರುವುದು ಈ ರೋಗಿಗಳಿಗೆ ಆಗುವ ದೊಡ್ಡ ಅನ್ಯಾಯ ಎಂದು ನನಗನಿಸುತ್ತದೆ.

ನಮ್ಮ ಮಹಿಳೆಗೆ ಇವ್ಯಾವುದೂ ಇಲ್ಲ. ವೆನ್ಲಾಫ್ಯಾಕ್ಸಿನ್‌ನಿಂದ ಕಾಲು ಭಾಗದಷ್ಟಾದರೂ ಗುಣ ಸಿಕ್ಕಿದೆ. ಅದನ್ನು ಬಿಟ್ಟರೆ ಸಿಕ್ಕಿದ್ದೂ ಕೈತಪ್ಪಬಹುದು. ಹಾಗಾಗಿ ಮಾತ್ರೆ ಬದಲಾಯಿಸುವ ಬದಲು, ಇರುವುದರ ಜೊತೆಗೆ ಇನ್ನೊಂದನ್ನು ಸೇರಿಸುವುದು ಇಲ್ಲಿ ಹೆಚ್ಚು ಸರಿ. ಅರಿಪಿಪ್ರಜೋಲ್, ಕ್ವಿಟಿಯಾಪಿನ್, ಲಿಥಿಯಂ ಇವು ಹೀಗೆ ಸೇರಿಸುವ ಮುಖ್ಯ ಔಷಧಿಗಳು. ಅಮೆರಿಕದ ಮಾಜಿ ಸೈನಿಕರ ಮೇಲೆ ನಡೆದ 2017ರ ದೊಡ್ಡ ಅಧ್ಯಯನದಲ್ಲಿ ಅರಿಪಿಪ್ರಜೋಲ್ ಸೇರಿಸಿದವರಲ್ಲಿ ಶೇ. 29 ಜನ ಪೂರ್ತಿ ಚೇತರಿಸಿಕೊಂಡರು. ಮಾತ್ರೆಯನ್ನೇ ಬುಪ್ರೊಪಿಯಾನ್‌ಗೆ ಬದಲಾಯಿಸಿದವರಲ್ಲಿ ಶೇ. 22. ಲಾಭ ಇದೆ, ಆದರೆ ಸಣ್ಣದು. ಅಲ್ಲಿ ಬಹುಪಾಲು ಗಂಡಸರೇ ಇದ್ದರು ಎಂಬುದೂ ನೆನಪಿರಲಿ.

ನಮ್ಮ ಮಹಿಳೆಗೆ ಅರಿಪಿಪ್ರಜೋಲ್ 2 ಮಿಲಿಗ್ರಾಂನಿಂದ ಶುರುವಾಗಿ 5ಕ್ಕೆ ಏರುತ್ತದೆ. ಎರಡನೇ ವಾರ ಮನೆಯವರು ಫೋನ್ ಮಾಡುತ್ತಾರೆ: "ತುಂಬಾ ಆತಂಕ ಆಗಿದೆ ಅನಿಸುತ್ತೆ, ಕೂತಲ್ಲಿ ಕೂರ್ತಿಲ್ಲ." ಡಾಕ್ಟರು ಕರೆಸಿ, ಕುರ್ಚಿಯಲ್ಲಿ ಕೂರಿಸಿ ಸುಮ್ಮನೆ ಗಮನಿಸುತ್ತಾರೆ. ಆಕೆ ಕಾಲು ಒಂದರ ಮೇಲೊಂದು ಹಾಕುತ್ತಾರೆ, ತೆಗೆಯುತ್ತಾರೆ. ಎದ್ದು ನಿಲ್ಲುತ್ತಾರೆ, ನಿಂತಲ್ಲೇ ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತಾರೆ. ಭಯವೇನಾದರೂ ಇದೆಯಾ ಎಂದು ಕೇಳಿದರೆ, "ಭಯ ಏನಿಲ್ಲ, ಮೈಯೊಳಗೆ ಯಾರೋ ತಳ್ಳಿದ ಹಾಗಾಗುತ್ತೆ" ಎನ್ನುತ್ತಾರೆ. ಇದು ಆತಂಕವಲ್ಲ, ಅಕಥೀಸಿಯಾ ಎಂಬ ಅಡ್ಡಪರಿಣಾಮ. ಖಿನ್ನತೆ ಜಾಸ್ತಿಯಾಗಿದೆ ಎಂದುಕೊಂಡು ಡೋಸ್ ಏರಿಸಿದರೆ ಚಡಪಡಿಕೆ ಇನ್ನೂ ಕೆಡುತ್ತದೆ. ಇದು ತಡೆಯಲಾಗದಷ್ಟು ಹಿಂಸೆ ಕೊಡುವುದರಿಂದ ಸಾಯುವ ಯೋಚನೆ ಬರುತ್ತಿದೆಯಾ ಎಂದು ಕೇಳಲೇಬೇಕು. ಡೋಸ್ ಇಳಿಸಬೇಕು ಅಥವಾ ನಿಲ್ಲಿಸಬೇಕು. ಈ ಔಷಧಿ ದೇಹದಿಂದ ನಿಧಾನವಾಗಿ ಹೋಗುತ್ತದೆ, ಪೂರ್ತಿ ಹೋಗಲು ಎರಡು ವಾರ ಬೇಕಾಗಬಹುದು.

ಈಗ ಲಿಥಿಯಂ ಸೇರಿಸಬಹುದು. ಆದರೆ ಅದಕ್ಕೆ ಪದೇ ಪದೇ ರಕ್ತ ಪರೀಕ್ಷೆ ಬೇಕು, ಕಿಡ್ನಿ, ಥೈರಾಯ್ಡ್ ಮೇಲೆ ಕಣ್ಣಿಡಬೇಕು. ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದರೂ ರಕ್ತದಲ್ಲಿ ಲಿಥಿಯಂ ಅಪಾಯದ ಮಟ್ಟಕ್ಕೆ ಏರಬಹುದು. ಹಾಗಾಗಿ ಈ ಹಂತದಲ್ಲೇ ಆರ್‌ಟಿಎಂಎಸ್ ಎಂಬ ಮಿದುಳಿನ ಉತ್ತೇಜನದ ಚಿಕಿತ್ಸೆಯನ್ನು ಮುಂದಿಡಬೇಕು ಎಂಬುದು ನನ್ನ ವಾದ. ಈಗ ಅದನ್ನು ಎಲ್ಲಾ ಮಾತ್ರೆಗಳೂ ಮುಗಿದ ಮೇಲೆ ನೆನಪಿಸಿಕೊಳ್ಳುವವರೇ ಹೆಚ್ಚು. ನೆದರ್‌ಲ್ಯಾಂಡ್ಸ್‌ನಲ್ಲಿ 89 ರೋಗಿಗಳ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ನೇರವಾಗಿ ಹೋಲಿಸಿ ನೋಡಿತು. ಮಾತ್ರೆ ಬದಲಾಯಿಸಿದವರಲ್ಲಿ ಶೇ. 5 ಜನ ಪೂರ್ತಿ ಚೇತರಿಸಿಕೊಂಡರೆ, ಆರ್‌ಟಿಎಂಎಸ್ ಪಡೆದವರಲ್ಲಿ ಶೇ. 27. ಅಧ್ಯಯನ ಚಿಕ್ಕದು. ಯಾರಿಗೆ ಯಾವ ಚಿಕಿತ್ಸೆ ಎಂದು ರೋಗಿಗಳಿಗೂ ಗೊತ್ತಿತ್ತು, ಅದರಿಂದ ನಿರೀಕ್ಷೆಯ ಪ್ರಭಾವ ಸೇರಿಕೊಂಡಿರಬಹುದು. ಆದರೂ ಅಂತರ ದೊಡ್ಡದು.

ಆರ್‌ಟಿಎಂಎಸ್ ಅಂದರೆ ತಲೆಯ ಹೊರಗಿನಿಂದ ಕಾಂತೀಯ ಮಿಡಿತ ಕೊಟ್ಟು, ಎಡ ಹಣೆಯ ಹಿಂದಿನ ಮಿದುಳಿನ ಭಾಗವನ್ನು ಚುರುಕುಗೊಳಿಸುವುದು. ಅರಿವಳಿಕೆ ಬೇಕಿಲ್ಲ. ಮೊದಲ ದಿನ ಮಿಡಿತ ಕೊಡುವ ತಂತಿಯ ಸುರುಳಿಯನ್ನು ಕೈಕಾಲಿನ ಚಲನೆ ನಿಯಂತ್ರಿಸುವ ಜಾಗದ ಮೇಲಿಟ್ಟು, ಬಲಗೈ ಹೆಬ್ಬೆರಳನ್ನೇ ನೋಡುತ್ತಾರೆ. ಹತ್ತು ಮಿಡಿತಕ್ಕೆ ಐದು ಸಲ ಬೆರಳು ಅದುರುವ ಶಕ್ತಿ ಆ ವ್ಯಕ್ತಿಯ ಅಳತೆ. ಸಾಮಾನ್ಯವಾಗಿ ಅದರ ಶೇ. 120ರಷ್ಟು ಶಕ್ತಿಯಲ್ಲಿ ಚಿಕಿತ್ಸೆ ನಡೆಯುತ್ತದೆ. ಮರಕುಟಿಗ ಕುಟ್ಟಿದ ಹಾಗೆ ಟಕಟಕ ಎನ್ನುತ್ತದೆ, ಮೊದಮೊದಲು ನೆತ್ತಿ ನೋಯುತ್ತದೆ. ವಾರಕ್ಕೆ ಐದು ದಿನ, ನಾಲ್ಕರಿಂದ ಆರು ವಾರ. ಹಳೆಯ ಪದ್ಧತಿಯಲ್ಲಿ ಒಂದು ಸಲಕ್ಕೆ ಸುಮಾರು 37 ನಿಮಿಷ ಬೇಕಿತ್ತು. ಮೂರು ನಿಮಿಷದ ಹೊಸ ಪದ್ಧತಿ ಅದಕ್ಕಿಂತ ಕಡಿಮೆಯೇನಲ್ಲ ಎಂದು 2018ರ ಕೆನಡಾ ಅಧ್ಯಯನ ತೋರಿಸಿತು. ಫಿಟ್ಸ್ ಬರುವ ಅಪಾಯ ಇದೆ, ಆದರೆ ತೀರಾ ಅಪರೂಪ. ತಲೆಯೊಳಗೆ ಲೋಹದ ಕ್ಲಿಪ್ ಅಥವಾ ಕಾಕ್ಲಿಯರ್ ಇಂಪ್ಲಾಂಟ್ ಇದ್ದವರಿಗೆ ಇದು ಆಗದು.

ಆರ್‌ಟಿಎಂಎಸ್ ಶುರು ಮಾಡಿದ ನಮ್ಮ ಮಹಿಳೆಯ ಅಂಕ ಎರಡನೇ ವಾರದಲ್ಲಿ 13. ಇಲ್ಲೇ ಕೈಬಿಡುವವರು ಬಹಳ. ಆರನೇ ವಾರಕ್ಕೆ 7 ಆಗಿದೆ ಎಂದುಕೊಳ್ಳೋಣ. ಅರ್ಧಕ್ಕೆ ಇಳಿದಿದೆ, ಆದರೆ ಪೂರ್ತಿ ಚೇತರಿಕೆ ಎನ್ನಲು 5ಕ್ಕಿಂತ ಕೆಳಗಿರಬೇಕು. ವೆನ್ಲಾಫ್ಯಾಕ್ಸಿನ್ ಮುಂದುವರಿಯುತ್ತದೆ, ಜೊತೆಗೆ ಆಪ್ತಸಮಾಲೋಚನೆ.

ಈ ಕ್ರಮ ಎಲ್ಲರಿಗೂ ಹೊಂದುವುದಿಲ್ಲ. ಊಟ, ನೀರು ಬಿಟ್ಟವರು, ಮಾತು ನಿಲ್ಲಿಸಿ ಕಲ್ಲಿನಂತೆ ಕೂತವರು, ಇಲ್ಲದ ದನಿ ಕೇಳಿಸಿಕೊಳ್ಳುವವರು, ಜೀವ ತೆಗೆದುಕೊಳ್ಳಲು ಹೊರಟವರು, ಇವರನ್ನು ವಾರಗಟ್ಟಲೆ ಕಾಯಿಸುವಂತಿಲ್ಲ. ಇವರಿಗೆ ಮಿದುಳಿಗೆ ವಿದ್ಯುತ್ ಹಾಯಿಸುವ ಇಸಿಟಿ ಚಿಕಿತ್ಸೆಯನ್ನೇ ಮೊದಲು ಯೋಚಿಸಬೇಕು. ಜನ ಅದನ್ನು 'ಶಾಕ್' ಎಂದು ಹೆದರುತ್ತಾರೆ. ಇವತ್ತು ಅದು ಅರಿವಳಿಕೆ ಕೊಟ್ಟು, ಸ್ನಾಯು ಸಡಿಲಿಸಿ, ವಾರಕ್ಕೆ ಎರಡು ಮೂರು ಸಲ ಮಾಡುವ ಚಿಕಿತ್ಸೆ. ನೆನಪಿನ ಮೇಲೆ ಪೆಟ್ಟು ಬೀಳುವುದು ನಿಜ. ಚಿಕಿತ್ಸೆಯ ಆಸುಪಾಸಿನ ತಿಂಗಳುಗಳ ಕೆಲವು ನೆನಪು ವಾಪಸ್ ಬರದೇ ಇರಬಹುದು. ಇದನ್ನು ಮುಚ್ಚಿಡದೆ ಹೇಳಿ, ಒಪ್ಪಿಗೆ ಪಡೆಯಬೇಕು.

ಇಸಿಟಿಯಿಂದ ಚೇತರಿಸಿಕೊಂಡ ಮೇಲೆ ಎಲ್ಲವನ್ನೂ ನಿಲ್ಲಿಸಿದರೆ ಗಳಿಸಿದ್ದು ಉಳಿಯುವುದಿಲ್ಲ. 2001ರ ಒಂದು ಅಧ್ಯಯನದಲ್ಲಿ ಔಷಧಿಯಿಲ್ಲದ ಖಾಲಿ ಮಾತ್ರೆ ಪಡೆದವರಲ್ಲಿ ಶೇ. 84 ಜನರಿಗೆ ಆರು ತಿಂಗಳೊಳಗೆ ಖಿನ್ನತೆ ಮರಳಿತು. ನಾರ್ಟ್ರಿಪ್ಟಿಲಿನ್ ಎಂಬ ಖಿನ್ನತೆಯ ಮಾತ್ರೆ ಜೊತೆ ಲಿಥಿಯಂ ಪಡೆದವರಲ್ಲಿ ಅದು ಶೇ. 39. ಹಾಗಾಗಿ ಕೊನೆಯ ಇಸಿಟಿ ಆಗುವ ಮೊದಲೇ ಮುಂದಿನ ಔಷಧಿ ಯಾವುದು, ಮುಂದಿನ ಭೇಟಿ ಯಾವಾಗ ಎಂದು ಬರೆದಿಟ್ಟಿರಬೇಕು.