ನಾಲ್ಕು ಸಲದ ಲೆಕ್ಕ: ಝೀರೋ ಬ್ಯಾಲೆನ್ಸ್ ಖಾತೆ ನಡೆದು ಬಂದ ದಾರಿ

ವಾಸ್ಕೋ ಪಕ್ಕದ ಝುವಾರಿನಗರದಲ್ಲಿ ಗದಗ, ಕೊಪ್ಪಳ, ವಿಜಯಪುರ ಕಡೆಯಿಂದ ದುಡಿಯಲು ಬಂದ ಕನ್ನಡದ ಮನೆಗಳು ಬಹಳ. ಭಾನುವಾರ ಅವರಲ್ಲಿ ಒಬ್ಬಿಬ್ಬರು ಪಾಸ್‌ಬುಕ್ ಹಿಡಿದು ನನ್ನ ಹತ್ತಿರ ಬರುತ್ತಾರೆ. ಒಬ್ಬ ಗೌಂಡಿ ಮೊದಲ ಸಲ ಬಂದಾಗ ಕೇಳಿದ್ದು ಇನ್ನೂ ನೆನಪಿದೆ: "ಸರ, ಇದು ಝೀರೋ ಬ್ಯಾಲೆನ್ಸ್ ಅಕೌಂಟ್ ಅಂದಿದ್ರು. ಮತ್ತ ರೊಕ್ಕ ಯಾಕ ಕಟ್ ಆಗೇತ್ರಿ?"

ಅದು 2019ರ ಮೊದಲ ತಿಂಗಳುಗಳ ಮಾತು. ಅವನ ಪಾಸ್‌ಬುಕ್‌ನಲ್ಲಿ ಒಂದು ತಿಂಗಳು ಹೀಗಿತ್ತು. 3ನೇ ತಾರೀಕು ಎಟಿಎಂನಿಂದ 2,000 ತೆಗೆದಿದ್ದ. 8ಕ್ಕೆ ಊರಿಗೆ 5,000 ಕಳಿಸಿದ್ದ. 14ಕ್ಕೆ ಮತ್ತು 19ಕ್ಕೆ ಎಟಿಎಂನಿಂದ ತಲಾ 1,000. ಇಲ್ಲಿಯವರೆಗೆ ಏನೂ ಕಟ್ ಆಗಿರಲಿಲ್ಲ. 21ಕ್ಕೆ ಮೊಬೈಲ್ ರೀಚಾರ್ಜ್‌ಗೆ ಯುಪಿಐನಲ್ಲಿ 149 ರೂಪಾಯಿ ಕೊಟ್ಟ, ಕೆಳಗೇ 17.70 ಕಟ್. 24ಕ್ಕೆ ಕಿರಾಣಿ ಅಂಗಡಿಗೆ 60 ರೂಪಾಯಿ, ಮತ್ತೆ 17.70. 27ಕ್ಕೆ ಊರಿಗೆ 3,000, ಮತ್ತೆ 17.70. ಒಟ್ಟು 53 ರೂಪಾಯಿ 10 ಪೈಸೆ. ಶುಲ್ಕ 15 ರೂಪಾಯಿ, ಅದರ ಮೇಲೆ ಶೇ 18 ಜಿಎಸ್‌ಟಿ, ಅಲ್ಲಿಗೆ 17.70. ಅರವತ್ತು ರೂಪಾಯಿ ಸಾಮಾನಿಗೆ ಹದಿನೆಂಟು ರೂಪಾಯಿ ದಂಡ ಕಟ್ಟಿದ ಹಾಗಾಯಿತು, ಅಲ್ವಾ?

ಇದು ಹೇಗೆ ಶುರುವಾಯಿತು ಎಂದು ತಿಳಿಯಲು ಸ್ವಲ್ಪ ಹಿಂದೆ ಹೋಗಬೇಕು. ಬಡವರಿಗೂ ಖಾತೆ ಸಿಗಲಿ ಎಂದು ರಿಸರ್ವ್ ಬ್ಯಾಂಕ್ 2005ರ ನವೆಂಬರ್‌ನಲ್ಲಿ 'ನೋ ಫ್ರಿಲ್ಸ್' ಖಾತೆ ತೆರೆಯಲು ಬ್ಯಾಂಕುಗಳಿಗೆ ಹೇಳಿತು. 2012ರ ಆಗಸ್ಟ್‌ನಲ್ಲಿ ಅದರ ಜಾಗಕ್ಕೆ ಬೇಸಿಕ್ ಸೇವಿಂಗ್ಸ್ ಬ್ಯಾಂಕ್ ಡೆಪಾಸಿಟ್ ಅಕೌಂಟ್ ಬಂತು. 2014ರಲ್ಲಿ ಶುರುವಾದ ಜನಧನ ಖಾತೆಯೂ ಇದೇ ಜಾತಿಯದು. ಎಲ್ಲರ ಬಾಯಲ್ಲಿ ಉಳಿದ ಹೆಸರು ಮಾತ್ರ ಝೀರೋ ಬ್ಯಾಲೆನ್ಸ್.

2012ರ ನಿಯಮ ಸರಳವಾಗಿತ್ತು. ಖಾತೆಯಲ್ಲಿ ಇಷ್ಟೇ ಹಣ ಇರಬೇಕು ಎಂಬ ಕಟ್ಟುಪಾಡು ಇಲ್ಲ. ಎಟಿಎಂ ಕಾರ್ಡ್ ಉಚಿತ. ತಿಂಗಳಿಗೆ ಎಷ್ಟು ಸಲ ಬೇಕಾದರೂ ಹಣ ಜಮಾ ಮಾಡಬಹುದು. ಬಹಳ ದಿನ ಖಾತೆ ಬಳಸದೆ ಬಿಟ್ಟರೂ ಮತ್ತೆ ಚಾಲೂ ಮಾಡಿಸಲು ಶುಲ್ಕ ಇಲ್ಲ. ಎಡವಿದ್ದು ಒಂದೇ ಸಾಲಿನಲ್ಲಿ: ತಿಂಗಳಿಗೆ 'ಗರಿಷ್ಠ ನಾಲ್ಕು' ಸಲ ಹಣ ತೆಗೆಯಬಹುದು, ಎಟಿಎಂನದೂ ಸೇರಿ.

ಆಗ ಹಣ ತೆಗೆಯುವುದು ಎಂದರೆ ಕೈಗೆ ನೋಟು ಬರುವುದು ಎಂದೇ ಜನರ ತಿಳಿವಳಿಕೆ. ಆದರೆ ಬ್ಯಾಂಕಿನ ಲೆಕ್ಕದಲ್ಲಿ ಖಾತೆಯಿಂದ ಹೊರಗೆ ಹೋಗುವ ಪ್ರತಿಯೊಂದೂ ಡೆಬಿಟ್. ಊರಿಗೆ ಕಳಿಸಿದ ಎನ್‌ಇಎಫ್‌ಟಿ, ಸಾಲದ ಕಂತು, ಆಮೇಲೆ ಬಂದ ಯುಪಿಐ, ಎಲ್ಲವೂ ಆ ನಾಲ್ಕರಲ್ಲೇ ಸೇರಿದವು. ಐದನೆಯದಕ್ಕೆ ಏನು ಮಾಡಬೇಕು ಎಂಬುದನ್ನು ಬ್ಯಾಂಕುಗಳಿಗೇ ಬಿಡಲಾಗಿತ್ತು. ಕೆಲವು ಕಡೆ ಐದನೆಯದು ನಡೆಯುತ್ತಲೇ ಇರಲಿಲ್ಲ. ಕೆಲವು ಕಡೆ ಖಾತೆಯನ್ನೇ ಸಾಮಾನ್ಯ ಉಳಿತಾಯ ಖಾತೆಯಾಗಿ ಬದಲಿಸುತ್ತಿದ್ದರು, ಆಮೇಲೆ ಕನಿಷ್ಠ ಬ್ಯಾಲೆನ್ಸ್ ಕಾಟ. ಮತ್ತೆ ಕೆಲವು ಕಡೆ ಶುಲ್ಕ. ನಮ್ಮ ಗೌಂಡಿಯದು ಮೂರನೆಯ ಪಾಡು.

ಒಂದು ಕಡೆ ನಗದು ಬಿಟ್ಟು ಮೊಬೈಲ್‌ನಲ್ಲಿ ಕೊಡಿ ಎಂದು ಊರೆಲ್ಲ ಹೇಳುತ್ತಿದ್ದ ಕಾಲ ಅದು. ಹೇಳಿದ ಮಾತು ಕೇಳಿದವನಿಗೇ ಪೆಟ್ಟು ಬಿತ್ತು. ನನಗೆ ಈಗಲೂ ಬೇಜಾರಾಗುವುದು ಇದಕ್ಕೇ.

2019ರ ಜುಲೈ 1ರಿಂದ ಒಂದು ಪದ ಬದಲಾಯಿತು. 'ಗರಿಷ್ಠ ನಾಲ್ಕು' ಹೋಗಿ 'ಕನಿಷ್ಠ ನಾಲ್ಕು' ಬಂತು. ಅಂದರೆ ನಾಲ್ಕನ್ನು ಉಚಿತವಾಗಿ ಕೊಡಲೇಬೇಕು, ಜಾಸ್ತಿ ಕೊಟ್ಟರೆ ಖಾತೆಯ ಜಾತಿ ಕೆಡುವುದಿಲ್ಲ. ಚೆಕ್‌ಬುಕ್ ಕೊಟ್ಟರೂ ಅಷ್ಟೇ, ಆ ನೆಪದಲ್ಲಿ ಕನಿಷ್ಠ ಬ್ಯಾಲೆನ್ಸ್ ಕೇಳುವ ಹಾಗಿಲ್ಲ. ಆದರೆ ಯುಪಿಐ ಎಣಿಕೆಯ ವಿಷಯ ಅಲ್ಲಿ ಬಗೆಹರಿಯಲಿಲ್ಲ. 2020ರ ಆಗಸ್ಟ್ 30ರಂದು ನೇರ ತೆರಿಗೆ ಮಂಡಳಿ ಬೇರೆ ದಾರಿಯಿಂದ ಹೇಳಿತು: ರುಪೇ ಡೆಬಿಟ್ ಕಾರ್ಡ್ ಮತ್ತು ಯುಪಿಐ ಪಾವತಿಗೆ 2020ರ ಜನವರಿ 1ರಿಂದ ತೆಗೆದುಕೊಂಡ ಶುಲ್ಕವನ್ನು ವಾಪಸ್ ಕೊಡಿ. ಮರುವರ್ಷ ಮುಂಬೈ ಪೊವಾಯಿಯ ಐಐಟಿಯಿಂದ ಬಂದ ಒಂದು ಅಧ್ಯಯನವೂ ಈ ಶುಲ್ಕವನ್ನು ಪ್ರಶ್ನಿಸಿತು. ಗೌಂಡಿಯ 53 ರೂಪಾಯಿ 2019ರದ್ದು. ವಾಪಸಾತಿಯ ದಿನಾಂಕಕ್ಕಿಂತ ಮೊದಲಿನದು, ಹಾಗಾಗಿ ಬರಲಿಲ್ಲ.

ಇದರ ನಡುವೆ ಇನ್ನೊಂದು ಗೊಂದಲ. ಅವನ ತಮ್ಮ ಗೋವಾಕ್ಕೆ ಬಂದಾಗ ಕೈಯಲ್ಲಿ ಸರಿಯಾದ ಕಾಗದ ಇರಲಿಲ್ಲ. ಫೋಟೋ ಅಂಟಿಸಿ, ಅಧಿಕಾರಿಯ ಎದುರು ಹೆಬ್ಬೆಟ್ಟು ಒತ್ತಿ ಖಾತೆ ತೆರೆದ. ಇದು ಸ್ಮಾಲ್ ಅಕೌಂಟ್. ಹೊರಗಿನಿಂದ ನೋಡಲು ಝೀರೋ ಬ್ಯಾಲೆನ್ಸ್ ಖಾತೆಯೇ, ಆದರೆ ಇದಕ್ಕೆ ಹಣದ ಮಿತಿ ಇದೆ. ಯಾವಾಗಲೂ 50,000ಕ್ಕಿಂತ ಜಾಸ್ತಿ ಇರಬಾರದು. ಒಂದು ಹಣಕಾಸು ವರ್ಷದಲ್ಲಿ ಜಮೆ 1 ಲಕ್ಷ ದಾಟಬಾರದು. ತಿಂಗಳಿಗೆ ತೆಗೆಯುವುದು, ಕಳಿಸುವುದು ಸೇರಿ 10,000 ದಾಟಬಾರದು.

ಏಪ್ರಿಲ್‌ನಿಂದ ವಾರಕ್ಕೆ 4,500 ಕೂಲಿ ಖಾತೆಗೆ ಬರುತ್ತಿತ್ತು. 22 ವಾರಕ್ಕೆ 99,000 ಆಯಿತು. ಸೆಪ್ಟೆಂಬರ್‌ನಲ್ಲಿ 23ನೇ ವಾರದ ಕೂಲಿ ಜಮೆಯಾಗದೆ ವಾಪಸ್ ಹೋಯಿತು. ಗುತ್ತಿಗೆದಾರ ಹಣವನ್ನೇ ಹಾಕಿಲ್ಲ ಎಂದು ತಮ್ಮ ಜಗಳಕ್ಕೆ ನಿಂತ. ಕೌಂಟರ್‌ನಲ್ಲಿ ಕೇಳಿದರೆ, "ಝೀರೋ ಬ್ಯಾಲೆನ್ಸ್ ಖಾತೆ ಅಂದ್ರೆ ಹಂಗೇ" ಎಂದು ಕಳಿಸಿದರು. ಅದು ತಪ್ಪು ಉತ್ತರ. ಆ ಮಿತಿ ಬಂದದ್ದು ಬ್ಯಾಲೆನ್ಸ್ ಸೊನ್ನೆ ಎಂಬುದಕ್ಕಲ್ಲ, ಕೆವೈಸಿ ಅರ್ಧ ಆಗಿದ್ದಕ್ಕೆ. ಪೂರ್ತಿ ಕೆವೈಸಿ ಮಾಡಿಸಿದ ಝೀರೋ ಬ್ಯಾಲೆನ್ಸ್ ಖಾತೆಗೆ ಎಷ್ಟು ಹಣ ಬೇಕಾದರೂ ಬರಬಹುದು. ಆಮೇಲೆ ಅವನು ಊರಿನ ವಿಳಾಸದ ಆಧಾರ್‌ನಿಂದಲೇ ಕೆವೈಸಿ ಮುಗಿಸಿದ. ಗೋವಾ ವಿಳಾಸಕ್ಕೆ ಬಾಡಿಗೆ ಪತ್ರ ಬೇಕು ಎಂದು ಮೊದಲು ತಿರುಗಾಡಿಸಿದ್ದರು. ಆಧಾರ್ ಇ-ಕೆವೈಸಿ ಮಾಡಿಸುವವರು ಈಗಿರುವ ವಿಳಾಸವನ್ನು ಸ್ವಂತ ಘೋಷಣೆಯಲ್ಲಿ ಬರೆದು ಸಹಿ ಹಾಕಿದರೆ ಸಾಕು.

ನಾಲ್ಕರ ಗಂಟು ಬಿಚ್ಚಿದ್ದು ರಿಸರ್ವ್ ಬ್ಯಾಂಕ್‌ನ 2025ರ ಡಿಸೆಂಬರ್‌ನ ಆದೇಶ. ಜಾರಿಗೆ ಗೊತ್ತುಮಾಡಿದ ದಿನ 2026ರ ಏಪ್ರಿಲ್ 1. ಯುಪಿಐ, ಐಎಂಪಿಎಸ್, ಎನ್‌ಇಎಫ್‌ಟಿ, ಆರ್‌ಟಿಜಿಎಸ್, ಅಂಗಡಿಯಲ್ಲಿ ಕಾರ್ಡ್ ಉಜ್ಜುವುದು, ಇವು ಯಾವುವೂ ಆ ನಾಲ್ಕರಲ್ಲಿ ಸೇರುವುದಿಲ್ಲ ಎಂದು ಅಲ್ಲಿ ನೇರವಾಗಿಯೇ ಬರೆದಿದೆ. ಕಾರ್ಡ್‌ಗೆ ವಾರ್ಷಿಕ ಶುಲ್ಕ ಇಲ್ಲ. ವರ್ಷಕ್ಕೆ ಕನಿಷ್ಠ 25 ಚೆಕ್ ಹಾಳೆ ಉಚಿತ. ಮೊಬೈಲ್ ಬ್ಯಾಂಕಿಂಗ್, ಪಾಸ್‌ಬುಕ್ ಕೂಡ ಉಚಿತ. 2012ರಲ್ಲೇ ಇಷ್ಟು ಬಿಡಿಸಿ ಬರೆದಿದ್ದರೆ ಎಷ್ಟೋ ಪಾಸ್‌ಬುಕ್‌ಗಳಲ್ಲಿ ಆ 17.70ರ ಸಾಲುಗಳು ಇರುತ್ತಿರಲಿಲ್ಲ.

ಈಗಿರುವ ಸಾಮಾನ್ಯ ಉಳಿತಾಯ ಖಾತೆಯನ್ನೂ ಇದಕ್ಕೆ ಬದಲಿಸಿಕೊಳ್ಳಬಹುದು. ಬರಹದಲ್ಲಿ ಅರ್ಜಿ ಕೊಟ್ಟ 7 ದಿನದೊಳಗೆ ಬ್ಯಾಂಕ್ ಬದಲಿಸಿಕೊಡಬೇಕು. ಬೇರೆ ಬ್ಯಾಂಕಿನಲ್ಲಿ ಇಂಥದೇ ಖಾತೆ ಇರಬಾರದು, ಅಷ್ಟೇ. ಕಳೆದ ಭಾನುವಾರ ಗೌಂಡಿಯ ಹೆಂಡತಿಗೆ ಇದೇ ಅರ್ಜಿ ಬರೆದುಕೊಟ್ಟೆ. ಎರಡು ಪ್ರತಿ ಮಾಡಿದ್ದೇವೆ. ಒಂದರ ಮೇಲೆ ತಾರೀಕಿನ ಸಮೇತ ಶಾಖೆಯ ಸೀಲ್ ಹಾಕಿಸಿಕೊಂಡು ಬರಬೇಕು. ಏಳು ದಿನ ಎಣಿಸುವುದು ಆ ಸೀಲಿನಿಂದಲೇ.