ಬಿಯರ್ ಬಿಟ್ಟು ರಮ್ ಹಿಡಿದರೆ ಹೊಟ್ಟೆ ಕರಗುವುದೇ?

ಬಿಯರ್ ಕುಡಿದರೆ ಹೊಟ್ಟೆ ಬರುತ್ತದೆ, ಅದನ್ನು ಬಿಟ್ಟು ರಮ್ಮಿಗೋ ವಿಸ್ಕಿಗೋ ಬಂದರೆ ಬಂದ ಹೊಟ್ಟೆ ಇಳಿಯುತ್ತದೆ ಎಂಬ ಮಾತನ್ನು ನಮ್ಮ ಕಡೆ ಬಹಳ ಜನ ನಂಬುತ್ತಾರೆ. ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಯ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಪರಿಚಿತರೊಬ್ಬರೂ ಹಾಗೆಯೇ ನಂಬಿ, ವಾರಕ್ಕೆ ಮೂರು ರಾತ್ರಿ ಕುಡಿಯುತ್ತಿದ್ದ 650 ಮಿಲಿಯ ಸ್ಟ್ರಾಂಗ್ ಬಿಯರನ್ನು ನಿಲ್ಲಿಸಿ, ಅದರ ಜಾಗದಲ್ಲಿ ಒಂದು ಕ್ವಾರ್ಟರ್ ರಮ್ ಮತ್ತು ಅದಕ್ಕೆ ಬೆರೆಸಲು 600 ಮಿಲಿಯ ಕೋಲಾ ತರಿಸತೊಡಗಿದರು. ತೂಕ ಇಳಿಯುವ ಬದಲು ಏರಿತು. ಮಂಡಿಯ ಲೆಕ್ಕದಲ್ಲಿ ಒಂದು ರೂಪಾಯಿಯೂ ಆಚೀಚೆ ಆಗಲು ಬಿಡದ ಅವರು ಈ ಲೆಕ್ಕವನ್ನು ಮಾತ್ರ ಹಾಕಿರಲಿಲ್ಲ.

ಹಾಕುವುದೇನೂ ಕಷ್ಟವಲ್ಲ. ಕೋಲಾ ಬಾಟಲಿಯ ಮೇಲೆ ಪ್ರತಿ 100 ಮಿಲಿಗೆ ಸಕ್ಕರೆ ಎಷ್ಟು, ಕ್ಯಾಲೊರಿ ಎಷ್ಟು ಎಂಬ ಪಟ್ಟಿ ಇರುತ್ತದೆ. ಮದ್ಯದ ಬಾಟಲಿಯ ಮೇಲೆ ಸಾಮಾನ್ಯವಾಗಿ ಆಲ್ಕೊಹಾಲಿನ ಶೇಕಡಾವಾರು ಪ್ರಮಾಣ ಮಾತ್ರ ಇರುತ್ತದೆ. ಆದರೆ ಆ ಒಂದು ಸಂಖ್ಯೆಯೇ ಸಾಕು, ಏಕೆಂದರೆ ಮದ್ಯದ ಕ್ಯಾಲೊರಿಯ ಬಹುಪಾಲು ಬರುವುದು ಸಕ್ಕರೆಯಿಂದಲ್ಲ, ಆಲ್ಕೊಹಾಲಿನಿಂದಲೇ. ಒಂದು ಗ್ರಾಂ ಸಕ್ಕರೆ 4 ಕ್ಯಾಲೊರಿ ಕೊಟ್ಟರೆ ಒಂದು ಗ್ರಾಂ ಆಲ್ಕೊಹಾಲ್ 7 ಕ್ಯಾಲೊರಿ ಕೊಡುತ್ತದೆ. ಇದಕ್ಕಿಂತ ಮುಂದಿರುವುದು 9 ಕ್ಯಾಲೊರಿಯ ಎಣ್ಣೆ, ತುಪ್ಪಗಳು ಮಾತ್ರ. ಆಲ್ಕೊಹಾಲ್ ನೀರಿಗಿಂತ ಹಗುರವಾದ್ದರಿಂದ ಅದರ ಒಂದು ಮಿಲಿ ಸುಮಾರು 0.79 ಗ್ರಾಂ ತೂಗುತ್ತದೆ, ಅಂದರೆ ಒಂದು ಮಿಲಿ ಶುದ್ಧ ಆಲ್ಕೊಹಾಲಿಗೆ ಐದೂವರೆ ಕ್ಯಾಲೊರಿ. ಬಾಟಲಿಯಲ್ಲಿರುವ ಮಿಲಿಯನ್ನು ಶೇಕಡಾವಾರು ಪ್ರಮಾಣದಿಂದ ಗುಣಿಸಿ, ನೂರರಿಂದ ಭಾಗಿಸಿ, ಬಂದದ್ದನ್ನು ಐದೂವರೆಯಿಂದ ಗುಣಿಸಿದರೆ ಉತ್ತರ ಸಿಕ್ಕಿತು.

ಮೊದಲು ಅವರು ಬಿಟ್ಟ ಬಿಯರನ್ನು ನೋಡೋಣ. ಸ್ಟ್ರಾಂಗ್ ಬಿಯರಿನಲ್ಲಿ ಆಲ್ಕೊಹಾಲ್ ಶೇ. 8ರವರೆಗೆ ಇರುತ್ತದೆ, ಶೇ. 7.5 ಎಂದು ಹಿಡಿದರೆ 650 ಮಿಲಿಯಲ್ಲಿ ಸುಮಾರು 49 ಮಿಲಿ ಶುದ್ಧ ಆಲ್ಕೊಹಾಲ್, ಅಂದರೆ 270 ಕ್ಯಾಲೊರಿ. ಇದರ ಮೇಲೆ ಬಾರ್ಲಿಯ ಪಾಲು ಬೇರೆ. ಮೊಳಕೆ ಬರಿಸಿದ ಬಾರ್ಲಿಯ ಪಿಷ್ಟವು ಒಡೆದು ಆಗುವ ಸಕ್ಕರೆಯನ್ನು ಯೀಸ್ಟ್ ಹೆಚ್ಚುಕಡಿಮೆ ಪೂರ್ತಿಯಾಗಿ ತಿಂದು ಆಲ್ಕೊಹಾಲ್ ಮಾಡಿಬಿಡುತ್ತದೆ; ಅದಕ್ಕೆ ಜೀರ್ಣವಾಗದೆ ಉಳಿಯುವುದು ಡೆಕ್‌ಸ್ಟ್ರಿನ್ ಎಂಬ, ಅಷ್ಟೇನೂ ಸಿಹಿಯಲ್ಲದ ಪಿಷ್ಟದ ತುಣುಕು. ಬಿಯರಿನಲ್ಲಿ ಸಕ್ಕರೆ ತುಂಬಿದೆ ಎನ್ನುವುದು ಆದ್ದರಿಂದ ಪೂರ್ತಿ ಸರಿಯಲ್ಲ. ಆದರೂ ನಮ್ಮ ದೇಹ ಡೆಕ್‌ಸ್ಟ್ರಿನ್ನನ್ನು ಅನ್ನದಂತೆಯೇ ಅರಗಿಸಿಕೊಳ್ಳುವುದರಿಂದ, ಒಂದು ಬಾಟಲಿಗೆ ಇಂಥ ಇಪ್ಪತ್ತು ಗ್ರಾಂನಷ್ಟನ್ನು, ಅಂದರೆ ಇನ್ನೊಂದು 80 ಕ್ಯಾಲೊರಿಯನ್ನು ಸೇರಿಸಬೇಕು. ಒಟ್ಟು 350. ಶೇ. 5ರ ಸಾಧಾರಣ ಬಿಯರ್ ಆಗಿದ್ದರೆ ಅದೇ ಅಳತೆಯ ಬಾಟಲಿ 260–280ರಲ್ಲಿ ನಿಲ್ಲುತ್ತದೆ.

ಇನ್ನು ಅವರು ಹಿಡಿದ ರಮ್. ನಮ್ಮಲ್ಲಿ ಮಾರಾಟವಾಗುವ ರಮ್, ವಿಸ್ಕಿ, ಬ್ರಾಂದಿ, ವೋಡ್ಕಾಗಳ ಮೇಲೆ ಸಾಮಾನ್ಯವಾಗಿ ಕಾಣುವುದು ಶೇ. 42.8 ಎಂಬ ಸಂಖ್ಯೆ. ಭಟ್ಟಿ ಇಳಿಸುವಾಗ ಸಕ್ಕರೆ ಹಿಂದೆಯೇ ಉಳಿದುಬಿಡುವುದರಿಂದ ಇವುಗಳಲ್ಲಿ ಸಕ್ಕರೆ ಇಲ್ಲವೆಂದೇ ಹೇಳಬಹುದು. ರಮ್ ಕಬ್ಬಿನ ಕಾಕಂಬಿಯಿಂದ ಆದದ್ದಾದರೂ ಅಷ್ಟೇ, ಸಿಹಿ ಬೆರೆಸಿದ ಕೆಲವು ಬಗೆಗಳನ್ನು ಬಿಟ್ಟರೆ. ಆದರೆ 180 ಮಿಲಿಯ ಕ್ವಾರ್ಟರಿನಲ್ಲಿ 77 ಮಿಲಿ ಶುದ್ಧ ಆಲ್ಕೊಹಾಲ್ ಇದೆ, ಅದು ಒಂದೇ 424 ಕ್ಯಾಲೊರಿ. ಬಿಯರಿನ ಪೂರ್ತಿ ಬಾಟಲಿಗಿಂತ ಇದು ಈಗಾಗಲೇ ಹೆಚ್ಚಾಯಿತು, ಕೋಲಾ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ಸಾಮಾನ್ಯ ಕೋಲಾದಲ್ಲಿ 100 ಮಿಲಿಗೆ ಹತ್ತೂವರೆ ಗ್ರಾಂ ಸಕ್ಕರೆ. 600 ಮಿಲಿಗೆ 63 ಗ್ರಾಂ, ಸುಮಾರು ಹನ್ನೆರಡು ಚಮಚ, 250 ಕ್ಯಾಲೊರಿ. ಎರಡೂ ಸೇರಿ 675 ಸಮೀಪಿಸುತ್ತದೆ. ಹೊಟ್ಟೆ ಕರಗಿಸಲೆಂದು ಮಾಡಿದ ಬದಲಾವಣೆಯಿಂದ ವಾರಕ್ಕೆ ಸುಮಾರು ಸಾವಿರ ಕ್ಯಾಲೊರಿ ಹೆಚ್ಚಾಗಿತ್ತು.

ಕೋಲಾದ ಬದಲು ಬರೀ ಸೋಡಾ ಅಥವಾ ನೀರು ಹಾಕಿದ್ದರೆ ಆ 250 ಒಂದೇ ಏಟಿಗೆ ಹೋಗುತ್ತಿತ್ತು. ಇಲ್ಲಿ ಹಲವರು ಎಡವುವುದು ಟಾನಿಕ್ ವಾಟರ್ ವಿಷಯದಲ್ಲಿ: ಬಾಯಿಗೆ ಕಹಿಯಾದ್ದರಿಂದ ಅದನ್ನು ಸೋಡಾ ಎಂದೇ ತಿಳಿಯುತ್ತಾರೆ, ಆದರೆ ಸಾಮಾನ್ಯ ಟಾನಿಕ್‌ನಲ್ಲಿ ಕೋಲಾಗಿಂತ ತುಸು ಕಡಿಮೆ ಎನ್ನುವಷ್ಟು ಸಕ್ಕರೆ ಇರುತ್ತದೆ, ಕ್ವಿನೀನಿನ ಕಹಿ ಅದನ್ನು ಮರೆಮಾಚುತ್ತದೆ. ಡಬ್ಬಿಯ ಹಣ್ಣಿನ ರಸವೂ ಸಕ್ಕರೆಯಲ್ಲಿ ಕೋಲಾದ ಸಾಲಿನದೇ. ನಮ್ಮ ಜಿಲ್ಲೆಯಲ್ಲಿ ಧಾರಾಳವಾಗಿ ಸಿಗುವ ಎಳನೀರು ಇವುಗಳಿಗಿಂತ ಎಷ್ಟೋ ವಾಸಿ. ಒಂದು ಕಾಯಿಯ ನೀರಿಗೆ 50 ಕ್ಯಾಲೊರಿಯ ಆಸುಪಾಸು. ಅದಕ್ಕೆ ರಮ್ ಬೆರೆಸುವವರ ರುಚಿಯ ಬಗ್ಗೆ ನಾನು ಏನೂ ಹೇಳಲಾರೆ.

ಸೋಡಾ ಹಾಕಿದ ಮೇಲೂ ಕ್ವಾರ್ಟರಿನ 424 ಹಾಗೆಯೇ ಉಳಿಯುತ್ತದೆ ಎಂಬುದನ್ನು ಮರೆಯಬಾರದು. ಅದನ್ನು ಇಳಿಸಲು ಬ್ರ್ಯಾಂಡ್ ಬದಲಿಸಿ ಪ್ರಯೋಜನವಿಲ್ಲ, ಅಳತೆಯನ್ನೇ ಇಳಿಸಬೇಕು: ನೈಂಟಿಗೆ 212, ಅರವತ್ತರ ಪೆಗ್ಗಿಗೆ 141. ಬಾರಿನಲ್ಲಿ ಅಳತೆಯ ಲೋಟದಿಂದ ಸುರಿಯುತ್ತಾರೆ. ಮನೆಯಲ್ಲಿ ಕಣ್ಣಳತೆಯಲ್ಲಿ ಸುರಿದದ್ದು ಅರವತ್ತೆಂದುಕೊಂಡರೂ ಎಷ್ಟೋ ಸಲ ತೊಂಬತ್ತಾಗಿರುತ್ತದೆ.

ವೈನಿನಲ್ಲಿ ಮಾತ್ರ ಒಂದು ಬಗೆಗೂ ಇನ್ನೊಂದಕ್ಕೂ ಸಕ್ಕರೆಯ ಅಂತರ ದೊಡ್ಡದು. ಡ್ರೈ ವೈನಿನಲ್ಲಿ ದ್ರಾಕ್ಷಿಯ ಸಕ್ಕರೆಯೆಲ್ಲ ಯೀಸ್ಟಿನ ಪಾಲಾಗಿ, ಲೀಟರಿಗೆ ಕೆಲವೇ ಗ್ರಾಂ ಉಳಿದಿರುತ್ತದೆ; ಶೇ. 13ರ 150 ಮಿಲಿ ಲೋಟಕ್ಕೆ 110ರಿಂದ 120 ಕ್ಯಾಲೊರಿ. ಚಿಕ್ಕಬಳ್ಳಾಪುರದ ಕಡೆ ಬೆಳೆಯುವ ಬೆಂಗಳೂರು ಬ್ಲೂ ದ್ರಾಕ್ಷಿಯಿಂದಲೂ ತಯಾರಾಗುವ ಪೋರ್ಟ್ ಬಗೆಯ ಸಿಹಿ ವೈನ್ ಹಾಗಲ್ಲ. ಅದರಲ್ಲಿ ಲೀಟರಿಗೆ 100 ಗ್ರಾಂ ಸಕ್ಕರೆ ಇದ್ದರೆ, ಅದೇ ಲೋಟಕ್ಕೆ 15 ಗ್ರಾಂ ಸಕ್ಕರೆಯೂ 60 ಕ್ಯಾಲೊರಿಯೂ ಕೂಡಿಕೊಳ್ಳುತ್ತವೆ. ಹಣ್ಣಿನಿಂದ ಆದದ್ದೆಂದು ಇದನ್ನು ಟಾನಿಕ್ಕಿನಂತೆ ಕುಡಿಯುವವರಿದ್ದಾರೆ. ತೂಕ ನೋಡಿಕೊಳ್ಳುವವರಿಗೆ ಇದು ಹೊಂದುವುದಿಲ್ಲ.

ಆಲ್ಕೊಹಾಲ್ ತಾನಾಗಿ ಕೊಬ್ಬಾಗುವುದು ತೀರ ಕಡಿಮೆ, ಹಾಗಿದ್ದರೂ ಹೊಟ್ಟೆ ಏಕೆ ಬೆಳೆಯುತ್ತದೆ? ದೇಹದಲ್ಲಿ ಆಲ್ಕೊಹಾಲನ್ನು ಕೂಡಿಡುವ ವ್ಯವಸ್ಥೆ ಇಲ್ಲ. ಆದ್ದರಿಂದ ಯಕೃತ್ತು ಬೇರೆಲ್ಲ ಕೆಲಸ ಬದಿಗಿಟ್ಟು ಅದನ್ನು ಅಸಿಟೇಟ್ ಆಗಿ ಬದಲಿಸಿ ರಕ್ತಕ್ಕೆ ಬಿಡುತ್ತದೆ. ಸ್ನಾಯುಗಳು ಅದು ತೀರುವವರೆಗೆ ಅದನ್ನೇ ಉರಿಸುತ್ತವೆ, ಕೊಬ್ಬನ್ನು ಉರಿಸುವ ಕೆಲಸ ತಗ್ಗಿರುತ್ತದೆ. ಅದೇ ಹೊತ್ತಿಗೆ ತಟ್ಟೆಯಲ್ಲಿ ಬಂದ ಕಾಂಗ್ರೆಸ್ ಕಡಲೆಕಾಯಿಯ ಎಣ್ಣೆಯಂಶ ಉರಿಯದೆ ಸಂಗ್ರಹಕ್ಕೆ ಹೋಗುತ್ತದೆ. ಐವತ್ತು ಗ್ರಾಂ ಕಡಲೆಕಾಯಿ ಎಂದರೆ ಸುಮಾರು 290 ಕ್ಯಾಲೊರಿ, ಎರಡು ಪೆಗ್ಗಿನಷ್ಟು.

ಸಕ್ಕರೆಯನ್ನು ತೆಗೆದಾಗ ಗಮನಿಸಬೇಕಾದ ಅಪಾಯವೂ ಒಂದಿದೆ. ಸಕ್ಕರೆ ಬೆರೆತ ಪಾನೀಯ ಜಠರದಿಂದ ನಿಧಾನವಾಗಿ ಮುಂದೆ ಸಾಗುತ್ತದೆ, ಡಯೆಟ್ ಕೋಲಾ ಬೆರೆಸಿದ್ದು ಬೇಗ ಸಾಗುತ್ತದೆ. ಹೀಗಾಗಿ ಅದೇ ಅಳತೆಯ ರಮ್ಮಿಗೆ ಅಮಲು ಬೇಗ ಏರುತ್ತದೆ. ಇನ್ನು ಕ್ಯಾಲೊರಿ ಸರಿದೂಗಿಸಲೆಂದು ರಾತ್ರಿಯ ಊಟವನ್ನೇ ಬಿಡುವವರಲ್ಲಿ ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಪರಿಸ್ಥಿತಿ ಗಂಭೀರ. ಆಲ್ಕೊಹಾಲಿನ ಕೆಲಸದಲ್ಲಿ ತೊಡಗಿದ ಯಕೃತ್ತು ಹೊಸದಾಗಿ ಗ್ಲೂಕೋಸ್ ತಯಾರಿಸಲಾರದೆ, ಮಧ್ಯರಾತ್ರಿಯ ನಂತರ ರಕ್ತದ ಸಕ್ಕರೆ ಕುಸಿಯಬಹುದು. ಆಗ ಬರುವ ಬೆವರು, ತೊದಲು, ಗೊಂದಲಗಳು ಕುಡಿದ ಅಮಲಿನಂತೆಯೇ ಕಾಣುವುದರಿಂದ ಮನೆಯವರು ಮಲಗಲಿ ಎಂದು ಬಿಟ್ಟುಬಿಡುತ್ತಾರೆ. ಇಂಥವರು ಊಟ ಮಾಡದೆ ಕುಡಿಯಬಾರದು, ಮನೆಯಲ್ಲಿ ಗ್ಲೂಕೋಮೀಟರ್ ಇದ್ದರೆ ಮಲಗುವ ಮುನ್ನ ಒಮ್ಮೆ ಸಕ್ಕರೆ ನೋಡಿಕೊಳ್ಳಬೇಕು.